ಒಂದೇ ಗೆರೆ ಬಂದರೆ ಫ್ಲೂ ಇಲ್ಲ ಅಂತಲೇ?

ಜ್ವರ ಬಂದು ಐದನೇ ದಿನ. ಕ್ಲಿನಿಕ್‌ನಲ್ಲಿ ಮೂಗಿಗೆ ಕಡ್ಡಿ ಹಾಕಿ ರ್‍ಯಾಪಿಡ್ ಟೆಸ್ಟ್ ಮಾಡುತ್ತಾರೆ. ಹದಿನೈದು ನಿಮಿಷ ಕಾದರೆ ಪಟ್ಟಿಯಲ್ಲಿ ‘ಸಿ’ ಅಕ್ಷರದ ಪಕ್ಕ ಮಾತ್ರ ಒಂದು ಗೆರೆ. ಫ್ಲೂ ಇಲ್ಲ ಅಂದುಕೊಂಡು ಮನೆಗೆ ಹೋಗುತ್ತೇವೆ. ಮಾರನೇ ದಿನ ಲ್ಯಾಬ್‌ನಿಂದ ಆರ್‌ಟಿ-ಪಿಸಿಆರ್ ವರದಿ ಬರುತ್ತದೆ: ಪಾಸಿಟಿವ್. ಹಾಗಾದರೆ ಯಾವುದನ್ನು ನಂಬುವುದು?

ಮನುಷ್ಯರ ಫ್ಲೂ ವೈರಸ್ಸನ್ನು ವಿಜ್ಞಾನಿಗಳು ಹಿಡಿದದ್ದು 1933ರಲ್ಲಿ. ಆಮೇಲೆ ಎಷ್ಟೋ ದಶಕ ಫ್ಲೂ ಪತ್ತೆ ಅಂದರೆ ಕೋಳಿಮೊಟ್ಟೆಯಲ್ಲೋ ಜೀವಕೋಶಗಳಲ್ಲೋ ವೈರಸ್ ಬೆಳೆಸಿ ನೋಡುವುದು. ಅದಕ್ಕೆ ಹಲವು ದಿನ ಬೇಕು. ಫಲಿತಾಂಶ ಬರುವಷ್ಟರಲ್ಲಿ ರೋಗಿ ಗುಣವಾಗಿರುತ್ತಿದ್ದರು, ಇಲ್ಲವೇ ಕೈಮೀರಿರುತ್ತಿತ್ತು. 1999ರಲ್ಲಿ ಅಮೆರಿಕದಲ್ಲಿ ಫ್ಲೂ ವೈರಸ್ಸನ್ನು ತಡೆಯುವ ಒಸೆಲ್ಟಾಮಿವಿರ್ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. ಲಕ್ಷಣ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಇದರ ಉಪಯೋಗ ಜಾಸ್ತಿ. ಹೀಗಾಗಿ ಬೇಗ ಉತ್ತರ ಹೇಳುವ ಕಿಟ್‌ಗಳಿಗೂ ಬೇಡಿಕೆ ಬಂತು.

ಅವುಗಳ ನಿಜವಾದ ಪರೀಕ್ಷೆ ನಡೆದದ್ದು 2009ರಲ್ಲಿ, ಎಚ್1ಎನ್1 ಬಂದಾಗ. ನಮ್ಮ ಪತ್ರಿಕೆಗಳು ಹಂದಿಜ್ವರ ಎಂದು ಬರೆದದ್ದು ಇದನ್ನೇ. ಆಗಸ್ಟ್‌ನಲ್ಲಿ ಪುಣೆಯಲ್ಲಿ ದೇಶದ ಮೊದಲ ಸಾವಾಯಿತು. ಗಂಟಲು ಕೆರೆದವರೆಲ್ಲ ಟೆಸ್ಟ್‌ಗೆ ಸಾಲು ನಿಂತರು. ಪಿಸಿಆರ್ ಮಾಡುವ ಲ್ಯಾಬ್‌ಗಳು ಆಗ ಬೆರಳೆಣಿಕೆಯಷ್ಟು. ಅತ್ತ ಅಮೆರಿಕದಲ್ಲಿ ರ್‍ಯಾಪಿಡ್ ಕಿಟ್‌ಗಳನ್ನು ಪಿಸಿಆರ್ ಜೊತೆ ಹೋಲಿಸಿ ನೋಡಿದರು. ನಿಜವಾಗಿ ಸೋಂಕಿದ್ದ 100 ಜನರಲ್ಲಿ ಕಿಟ್ ಹಿಡಿದದ್ದು 10ರಿಂದ 70 ಜನರನ್ನು ಮಾತ್ರ. ನೆಗೆಟಿವ್ ಬಂತು ಅಂತ ಚಿಕಿತ್ಸೆ ನಿಲ್ಲಿಸಬೇಡಿ ಎಂದು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ವೈದ್ಯರಿಗೆ ಹೇಳಿತು.

ನಮ್ಮ ಆರೋಗ್ಯ ಸಚಿವಾಲಯ ರೋಗಿಗಳನ್ನೇ ಎ, ಬಿ, ಸಿ ಎಂದು ವಿಂಗಡಿಸಿತು. ಸಾಧಾರಣ ಜ್ವರ, ಕೆಮ್ಮು ಇದ್ದವರು ‘ಎ’: ಟೆಸ್ಟ್ ಬೇಡ, ಮನೆಯಲ್ಲಿರಿ. ಜೋರು ಜ್ವರ ಇದ್ದವರು, ಗರ್ಭಿಣಿಯರು, ವಯಸ್ಸಾದವರು, ಬೇರೆ ಕಾಯಿಲೆ ಇದ್ದವರು ‘ಬಿ’: ಇವರಿಗೂ ಟೆಸ್ಟ್ ಬೇಡ; ಜೋರು ಜ್ವರದವರಿಗೆ ಒಸೆಲ್ಟಾಮಿವಿರ್ ಬೇಕಾಗಬಹುದು, ಉಳಿದವರಿಗೆ ಕೊಡಲೇಬೇಕು. ಉಸಿರಾಟದ ತೊಂದರೆ, ಎದೆನೋವು, ಮಂಪರು ಇದ್ದವರು ‘ಸಿ’: ಟೆಸ್ಟ್ ಮಾಡಿ, ಆಸ್ಪತ್ರೆಗೆ ಸೇರಿಸಿ, ವರದಿಗೆ ಕಾಯದೆ ಔಷಧಿ ಶುರುಮಾಡಿ. ಆ ವರ್ಷ ಕಲಿತದ್ದರಲ್ಲಿ ಇದಕ್ಕಿಂತ ಉಪಯೋಗದ ಪಾಠ ಇನ್ನೊಂದಿಲ್ಲ. ಈಗ ಒಂದು ಪಟ್ಟಿ ನೋಡಿ ಎಲ್ಲ ತೀರ್ಮಾನ ಮಾಡುವವರನ್ನು ಕಂಡಾಗ ಅದನ್ನು ಮರೆತೇಬಿಟ್ಟೆವಲ್ಲ ಅನಿಸುತ್ತದೆ.

ಕಿಟ್ ತಪ್ಪುವುದೇಕೆ? ಪಟ್ಟಿ ಹುಡುಕುವುದು ವೈರಸ್ಸಿನ ಪ್ರೋಟೀನನ್ನು. ಅದು ಸಾಕಷ್ಟು ಇದ್ದರಷ್ಟೇ ಎರಡನೇ ಗೆರೆ ಮೂಡುತ್ತದೆ. ಪಿಸಿಆರ್ ಹಾಗಲ್ಲ. ವೈರಸ್ಸಿನ ಆರ್‌ಎನ್‌ಎಯನ್ನು ಡಿಎನ್‌ಎಗೆ ಬದಲಿಸಿ, ಸುಮಾರು 40 ಸುತ್ತು ಮತ್ತೆಮತ್ತೆ ದುಪ್ಪಟ್ಟು ಮಾಡುತ್ತದೆ. ಚೂರೇ ಇದ್ದರೂ ಸಿಕ್ಕಿಬೀಳುತ್ತದೆ. ಮೂಗಿನಲ್ಲಿ ವೈರಸ್ ಹೆಚ್ಚಿರುವುದು ಮೊದಲ ಮೂರು-ನಾಲ್ಕು ದಿನ. ಮಕ್ಕಳಲ್ಲಿ ಜಾಸ್ತಿ, ದೊಡ್ಡವರಲ್ಲಿ ಕಡಿಮೆ. ಐದನೇ ದಿನದ ದೊಡ್ಡವರ ಮೂಗು ಪಟ್ಟಿಗೆ ಕಷ್ಟದ ಪ್ರಶ್ನೆ.

ಆ ‘ಸಿ’ ಗೆರೆಯ ವಿಷಯವನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಟೆಸ್ಟ್ ಸರಿಯಾಗಿದೆ ಎಂದು ಅದು ಹೇಳುತ್ತದೆ ಅಂತ ನಾವು ತಿಳಿದಿದ್ದೇವೆ. ದ್ರಾವಣ ಪಟ್ಟಿಯ ಕೊನೆವರೆಗೆ ಹರಿಯಿತು, ಪಟ್ಟಿ ಕೆಲಸ ಮಾಡಿತು ಅಂತ ಮಾತ್ರ ಅದರ ಅರ್ಥ. ಕಡ್ಡಿ ಮೂಗಿನ ಬಾಗಿಲಲ್ಲೇ ತಿರುಗಿ ಬಂದಿದ್ದರೂ ಸಾಮಾನ್ಯವಾಗಿ ಆ ಗೆರೆ ಮೂಡುತ್ತದೆ. ಲ್ಯಾಬ್‌ನಲ್ಲಿ ಸಾಮಾನ್ಯವಾಗಿ ಆರ್‌ನೇಸ್ ಪಿ ಎಂಬ ಮನುಷ್ಯರ ಜೀನನ್ನೂ ಜೊತೆಗೇ ಹುಡುಕುತ್ತಾರೆ. ಅದು ಸಿಗದಿದ್ದರೆ ಕಡ್ಡಿಗೆ ಜೀವಕೋಶವೇ ಸರಿಯಾಗಿ ಅಂಟದೇ ಇರಬಹುದು. ಆಗ ನೆಗೆಟಿವ್ ಅನ್ನುವುದಿಲ್ಲ, ಮತ್ತೆ ಸ್ಯಾಂಪಲ್ ಕೇಳುತ್ತಾರೆ.

ಒಂದು ಲೆಕ್ಕ ಹಾಕೋಣ. ಕಿಟ್ ಸೋಂಕಿದ್ದ 100ರಲ್ಲಿ 60 ಜನರನ್ನು ಹಿಡಿಯುತ್ತದೆ, ಸೋಂಕಿಲ್ಲದ 100ರಲ್ಲಿ ಇಬ್ಬರಿಗೆ ಸುಳ್ಳೇ ಪಾಸಿಟಿವ್ ಹೇಳುತ್ತದೆ ಅಂದುಕೊಳ್ಳಿ. ಫ್ಲೂ ಜೋರಾಗಿರುವ ಮಳೆಗಾಲದಲ್ಲಿ ಜ್ವರ ಅಂತ ಬಂದ 100 ಜನರಲ್ಲಿ 30 ಜನಕ್ಕೆ ಫ್ಲೂ ಇದೆ. ಕಿಟ್ 18 ಜನರನ್ನು ಹಿಡಿದು 12 ಜನರನ್ನು ಬಿಡುತ್ತದೆ. ನೆಗೆಟಿವ್ ಪಡೆದು ಹೋದ ಸುಮಾರು 80 ಜನರಲ್ಲಿ ಈ 12 ಮಂದಿ ಇದ್ದಾರೆ. ಅದೇ ಫ್ಲೂ ಕಡಿಮೆ ಇರುವ ಸಮಯದಲ್ಲಿ 1000 ಜನರಲ್ಲಿ 10 ಜನಕ್ಕೆ ಇದೆ ಅನ್ನಿ. ನಿಜವಾದ ಪಾಸಿಟಿವ್ 6, ಸುಳ್ಳು ಪಾಸಿಟಿವ್ ಸುಮಾರು 20! ಕಿಟ್ ಅದೇ, ಕಾಲ ಮಾತ್ರ ಬೇರೆ.

2017ರಲ್ಲಿ ಅಮೆರಿಕ ಈ ಕಿಟ್‌ಗಳಿಗೆ ನಿಯಮ ಬಿಗಿ ಮಾಡಿತು. ಪಿಸಿಆರ್‌ನಂಥ ಪರೀಕ್ಷೆಗೆ ಹೋಲಿಸಿದರೆ ಕನಿಷ್ಠ ಶೇ 80ರಷ್ಟು ಹಿಡಿಯಲೇಬೇಕು ಎಂದಿತು. ಹೊಸ ಕಿಟ್‌ಗಳು ಸುಧಾರಿಸಿವೆ. ಆದರೂ ಐದರಲ್ಲಿ ಒಂದು ತಪ್ಪಬಹುದು.

ಹಾಗಂತ ಪಿಸಿಆರ್ ಕೊನೆಯ ಮಾತೂ ಅಲ್ಲ. ವೈರಸ್ ಸತ್ತ ಮೇಲೂ ಅದರ ಚೂರುಗಳು ಉಳಿದು ಪಾಸಿಟಿವ್ ಬರಬಹುದು. ಇನ್ನು ಸೋಂಕು ಶ್ವಾಸಕೋಶಕ್ಕೆ ಇಳಿದಿದ್ದರೆ ಮೂಗಿನ ಸ್ಯಾಂಪಲ್‌ನಲ್ಲಿ ಪಿಸಿಆರ್‌ಗೂ ಸಿಗದೇ ಹೋಗಬಹುದು. ವೆಂಟಿಲೇಟರ್ ಮೇಲಿರುವ ರೋಗಿಗೆ ಮೂಗಿನದು ನೆಗೆಟಿವ್ ಬಂದರೆ, ಉಸಿರುನಾಳದಿಂದ ಕಫ ತೆಗೆದು ಮತ್ತೆ ಲ್ಯಾಬ್‌ಗೆ ಕಳಿಸುವುದು ಅದಕ್ಕೇ.