ಧನ್ಯವಾದ ಹೇಳಿದ ಇಮೇಲನ್ನು ಯಾರೂ ಓದುವುದಿಲ್ಲವೇಕೆ?

ಪ್ರಶ್ನೆ: ನಾವು ಉಡುಪಿಯ ಸಮೀಪದ ಒಂದು ಕನ್ನಡ ಶಾಲೆಯ ಹಳೆ ವಿದ್ಯಾರ್ಥಿ ಸಂಘದವರು. ವಾಚನಾಲಯದ ಮಾಡಿಗೆ ಹೊಸ ರೀಪು, ಪಕ್ಕಾಸು, ಹೆಂಚು ಹಾಕಿಸಲು ಮುಂಬಯಿ, ಬೆಂಗಳೂರುಗಳಲ್ಲಿರುವ ಸುಮಾರು 140 ಮಂದಿ ಹಣ ಕಳುಹಿಸಿದರು. ಎಲ್ಲರಿಗೂ ಧನ್ಯವಾದ ಹೇಳಿ, ರಸೀದಿಯನ್ನೂ ಲಗತ್ತಿಸಿ ಇಮೇಲ್ ಕಳುಹಿಸಿದೆವು. ಆದರೂ "ಹಣ ತಲುಪಿತೇ?", "ರಸೀದಿ ಯಾವಾಗ ಕೊಡುತ್ತೀರಿ?" ಎಂದು ಇಂದಿಗೂ ಫೋನು ಬರುತ್ತಿದೆ. ನಾವು ಎಲ್ಲಿ ತಪ್ಪಿದೆವು?

ಉತ್ತರ: ನೀವು ಪ್ರಶ್ನೆಯ ಜೊತೆಗೆ ಕಳುಹಿಸಿದ ಇಮೇಲಿನ ಪ್ರತಿಯನ್ನು ನೋಡಿದೆ. ಒಳಗಿನ ಬರಹದಲ್ಲಿ ದೋಷವೇನೂ ಇಲ್ಲ; ತೊಂದರೆ ಇರುವುದು ಅದನ್ನು ತೆರೆಯುವ ಮೊದಲೇ ಕಾಣುವ ಭಾಗದಲ್ಲಿ. ಫೋನಿನ ಇನ್‌ಬಾಕ್ಸಿನಲ್ಲಿ ಒಂದು ಇಮೇಲಿನ ಮೂರು ತುಣುಕುಗಳು ಮಾತ್ರ ಕಾಣುತ್ತವೆ: ಕಳುಹಿಸಿದವರ ಹೆಸರು, ವಿಷಯದ ಸಾಲಿನ ಆರಂಭ, ಮತ್ತು ಅದರ ಕೆಳಗೆ ಮಸುಕಾಗಿ ಒಳಗಿನ ಬರಹದ ಮೊದಲ ಕೆಲವು ಮಾತುಗಳು. ನಿಮ್ಮ ಇಮೇಲು ನನ್ನ ಫೋನಿನಲ್ಲಿ ಹೀಗೆ ಕಂಡಿತು:

Office
ಧನ್ಯವಾದಗಳು: ಹಳೆ ವಿದ್ಯಾರ್ಥಿ ಸಂಘದ ವತಿ…
logo ಮಾನ್ಯರೇ, ತಮಗೆ ಸಂಘದ ವತಿಯಿಂದ ಅನಂತ…

ಈ ಮೂರು ಸಾಲುಗಳಲ್ಲಿ ಶಾಲೆಯ ಹೆಸರಿಲ್ಲ, ವಾಚನಾಲಯವಿಲ್ಲ, ಹೆಂಚಿಲ್ಲ, ರಸೀದಿಯ ಸುಳಿವೂ ಇಲ್ಲ. ನೀವು ಹೇಳಬೇಕಾಗಿದ್ದುದೆಲ್ಲವೂ "ವತಿಯಿಂದ" ಎಂಬ ಮಾತಿನ ಆಚೆಗೆ, ಪರದೆಯ ಹೊರಗೆ ಉಳಿದುಬಿಟ್ಟಿದೆ. ಫೋನಿನಲ್ಲಿ ಇಂಗ್ಲಿಷ್ ವಿಷಯದ ಸಾಲಿನ 30ರಿಂದ 40 ಅಕ್ಷರಗಳು ಕಂಡರೆ ಹೆಚ್ಚು. ಕನ್ನಡದ ಅಕ್ಷರಗಳು ಅಗಲವಾಗಿರುವುದರಿಂದ ಅದಕ್ಕಿಂತಲೂ ಕಡಿಮೆ ಕಾಣುತ್ತವೆ. ನಿಮ್ಮ ದಾನಿಗಳಲ್ಲಿ ಅನೇಕರು ಹಿರಿಯರು, ಅಕ್ಷರದ ಗಾತ್ರವನ್ನು ದೊಡ್ಡದು ಮಾಡಿಕೊಂಡಿರುವವರು. ಅವರ ಪಾಲಿಗೆ ಮೊದಲ ಮೂರು ಪದಗಳೇ ವಿಷಯದ ಸಾಲು ಎಂದು ತಿಳಿದು ಬರೆಯುವುದು ಒಳ್ಳೆಯದು.

ಇಲ್ಲಿ ನಮ್ಮ ಭಾಷೆಯೇ ನಮಗೆ ಒಂದು ಅನುಕೂಲವನ್ನು ಮಾಡಿಕೊಟ್ಟಿದೆ. ಇಂಗ್ಲಿಷಿನಲ್ಲಿ ಕೃತಜ್ಞತೆಯ ಮಾತು ಮೊದಲು ಬಂದು ಯಾವುದಕ್ಕೆ ಎಂಬುದು ಆಮೇಲೆ ಬರುತ್ತದೆ. ಕನ್ನಡದಲ್ಲಿ "ವಾಚನಾಲಯದ ಹೆಂಚಿಗೆ ನೀವು ಕೊಟ್ಟ ಹಣ" ಎಂದು ವಸ್ತುವೇ ಸಹಜವಾಗಿ ಮುಂದೆ ನಿಲ್ಲುತ್ತದೆ. "ಧನ್ಯವಾದಗಳು" ಎಂದು ಆರಂಭಿಸಿ ಎರಡು ಚುಕ್ಕೆ ಇಟ್ಟು ಮುಂದುವರಿಸುವಾಗ ನಾವು ಆ ಅನುಕೂಲವನ್ನು ಕೈಯಾರೆ ಬಿಟ್ಟುಕೊಡುತ್ತೇವೆ. ಕಚೇರಿ ಪತ್ರಗಳಿಂದ ಬಂದ "ವತಿಯಿಂದ", "ಈ ಮೂಲಕ", "ಕುರಿತು" ಎಂಬ ಮಾತುಗಳಿಗೂ ವಿಷಯದ ಸಾಲಿನಲ್ಲಿ ಕೆಲಸವಿಲ್ಲ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

ವಾಚನಾಲಯದ ಹೆಂಚಿಗೆ ನಿಮ್ಮ ದೇಣಿಗೆ – ರಸೀದಿ 80G

ಸಾಲು ಮಧ್ಯದಲ್ಲಿ ತುಂಡಾದರೂ "ವಾಚನಾಲಯದ ಹೆಂಚಿಗೆ" ಎಂಬುದು ಉಳಿಯುತ್ತದೆ, ಮತ್ತು ಹಣ ಕೊಟ್ಟವರಿಗೆ ಅಷ್ಟು ಸಾಕು. ಕೊನೆಯ ಭಾಗ ಇಂದು ಕಾಣದಿದ್ದರೂ ಚಿಂತೆಯಿಲ್ಲ. ಅದು ಇರುವುದು ಮುಂದೆ ಹುಡುಕುವವರಿಗಾಗಿ. ಆದಾಯ ತೆರಿಗೆಯ ವಿವರ ಸಲ್ಲಿಸುವ ಕಾಲದಲ್ಲಿ ಜನರು ಹುಡುಕುವ ಪೆಟ್ಟಿಗೆಯಲ್ಲಿ 80G ಎಂದು ಇಂಗ್ಲಿಷ್ ಅಕ್ಷರದಲ್ಲಿಯೇ ಒತ್ತುವುದರಿಂದ ಅದನ್ನು ಹಾಗೆಯೇ ಬರೆಯಬೇಕು. ದೇಣಿಗೆ ಕೊಟ್ಟವರಿಗೆ ತೆರಿಗೆಯಲ್ಲಿ ರಿಯಾಯಿತಿ ಸಿಗುವ ಆ 80G ಮಾನ್ಯತೆ ನಿಮ್ಮ ಸಂಘಕ್ಕೆ ಇಲ್ಲವಾದರೆ ಬರಿಯ "ರಸೀದಿ" ಎಂದಿರಲಿ. ಹಣದ ಮೊತ್ತವನ್ನು ಮಾತ್ರ ನಾನು ವಿಷಯದ ಸಾಲಿನಲ್ಲಿ ಹಾಕುವುದಿಲ್ಲ. ಬೀಗ ಹಾಕಿದ ಫೋನಿನ ಪರದೆಯ ಮೇಲೂ ಆ ಸಾಲು ಮೂಡುತ್ತದೆ; ಊರಿನ ಶಾಲೆಗೆ ಎಷ್ಟು ಕೊಟ್ಟೆವೆಂಬುದು ಪಕ್ಕದಲ್ಲಿ ಕುಳಿತವರಿಗೆ ತಿಳಿಯುವುದನ್ನು ಎಲ್ಲರೂ ಬಯಸುವುದಿಲ್ಲ.

ಇನ್ನು ಆರಂಭದ ಮಾತುಗಳು. ವಿಷಯದ ಸಾಲಿನಲ್ಲಿ ನೆರವಾದ ಕನ್ನಡ ಇಲ್ಲಿ ಅಡ್ಡಬರುತ್ತದೆ, ಏಕೆಂದರೆ ನಮ್ಮ ಪತ್ರದ ಸಂಪ್ರದಾಯದಲ್ಲಿ ಸಂಬೋಧನೆ, ವಂದನೆ, ಪೀಠಿಕೆಗಳೆಲ್ಲ ಮುಗಿದ ಮೇಲೆಯೇ ಸುದ್ದಿ. ಹಿರಿಯರಿಗೆ ಬರೆಯುವಾಗ ಸಂಬೋಧನೆಯನ್ನು ಬಿಡಲಾಗುವುದಿಲ್ಲ, ಬಿಡಲೂ ಬಾರದು, ಆದರೆ ಅದು ಒಂದೇ ಪದದಲ್ಲಿ ಮುಗಿದು, ಅದರ ಬೆನ್ನಿಗೇ ಸುದ್ದಿ ಬರಬಹುದು: "ಶೆಟ್ಟರೇ, ಹೊಸ ಹೆಂಚು ಹೊದೆಸಿ ಆಯಿತು, ಈ ಮಳೆಗಾಲದಲ್ಲಿ ಪುಸ್ತಕದ ಕಪಾಟುಗಳನ್ನು ಗೋಡೆಯಿಂದ ಈಚೆಗೆ ಎಳೆಯಬೇಕಾಗಿಲ್ಲ." ಧನ್ಯವಾದ ಎಂಬ ಪದ ಎರಡನೆಯ ವಾಕ್ಯದಲ್ಲಿ ಬಂದರೆ ಯಾರೂ ಮುನಿಸಿಕೊಳ್ಳುವುದಿಲ್ಲ. ವಿಷಯದ ಸಾಲಿನಲ್ಲಿ ಹೇಳಿದ್ದನ್ನೇ ಮೊದಲ ವಾಕ್ಯದಲ್ಲಿ ಪುನಃ ಹೇಳುವುದೂ ಬೇಡ. ಮೇಲಿನ ಸಾಲು ಯಾವುದಕ್ಕೆ ಎಂದು ತಿಳಿಸಿದರೆ ಕೆಳಗಿನದು ಅದರಿಂದ ಏನಾಯಿತು ಎಂದು ತಿಳಿಸಲಿ. ನಿಮ್ಮ ಇಮೇಲಿನಲ್ಲಿ ಕಂಡ logo ಎಂಬ ಪದ, ಮೇಲ್ಭಾಗದಲ್ಲಿರುವ ಸಂಘದ ಲಾಂಛನದ ಚಿತ್ರಕ್ಕೆ ಯಾರೋ ಕೊಟ್ಟಿದ್ದ ಬದಲಿ ಹೆಸರು. ಲಾಂಛನವನ್ನು ಸಹಿಯ ಕೆಳಗೆ ಇಳಿಸಿದರೆ ಅದು ಅಲ್ಲಿಂದ ಹೋಗುತ್ತದೆ. ಕಳುಹಿಸಿದವರ ಜಾಗದಲ್ಲಿರುವ Office ಎಂಬುದನ್ನು ಇಮೇಲ್ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಬದಲಿಸಿ ಶಾಲೆಯ ಹೆಸರನ್ನು ಹಾಕಿ, ಊರಿನ ಹೆಸರು ಮೊದಲು ಬರುವಂತೆ.

"ಶೆಟ್ಟರೇ" ಎಂದು ಬರೆದೆನಲ್ಲ, 140 ಮಂದಿಗೆ ಒಟ್ಟಿಗೆ ಕಳುಹಿಸುವಾಗ ಕೈಕೊಡುವುದು ಅದೇ. ಪಟ್ಟಿಯಿಂದ ಹೆಸರನ್ನು ತಾನಾಗಿ ತುಂಬಿಸಿಕೊಳ್ಳುವ ವ್ಯವಸ್ಥೆಗೆ ಕನ್ನಡದ ವಿಭಕ್ತಿ ತಿಳಿಯದು. ಹೆಸರಿನ ಜಾಗದ ಮುಂದೆ "ರೇ" ಎಂದು ಅಂಟಿಸಿಟ್ಟರೆ "ಶೆಟ್ಟಿರೇ", "ಭಟ್‌ರೇ", "ಪ್ರಭುರೇ" ಎಂದು ಅಚ್ಚಾಗುತ್ತದೆ. ನಮಗೆ ಬೇಕಾಗಿರುವುದು ಶೆಟ್ಟರೇ, ಭಟ್ಟರೇ, ಪ್ರಭುಗಳೇ, ಪೂಜಾರಿಯವರೇ. ಇನ್‌ಬಾಕ್ಸಿನಲ್ಲಿ ಮೊದಲು ಕಾಣುವ ಪದವೇ ಹೀಗೆ ಮುರಿದಿದ್ದರೆ ಇದು ಯಂತ್ರ ಕಳುಹಿಸಿದ್ದೆಂದು ಓದುಗರಿಗೆ ಆ ಕ್ಷಣವೇ ತಿಳಿಯುತ್ತದೆ. ಇದಕ್ಕೆ ಉಪಾಯ ಸರಳ, ಸ್ವಲ್ಪ ಶ್ರಮದ್ದು: ಪಟ್ಟಿಯಲ್ಲಿ "ಸಂಬೋಧನೆ" ಎಂಬ ಬೇರೆಯೇ ಕಾಲಂ ಮಾಡಿ, ಒಬ್ಬೊಬ್ಬರನ್ನು ನೀವು ಎದುರಿನಲ್ಲಿ ಹೇಗೆ ಕರೆಯುತ್ತೀರೋ ಹಾಗೆಯೇ ಪೂರ್ಣ ರೂಪವನ್ನು ಕೈಯಿಂದ ಬರೆಯಿರಿ. ದೇಣಿಗೆಯ ಉದ್ದೇಶಕ್ಕೂ ಇದೇ ಕ್ರಮ, ಏಕೆಂದರೆ ಹೆಂಚು "ಹೆಂಚಿಗೆ" ಆದರೆ ಕಪಾಟು "ಕಪಾಟಿಗೆ", ವಾಚನಾಲಯ "ವಾಚನಾಲಯಕ್ಕೆ" ಆಗುತ್ತದೆ. 140 ಹೆಸರುಗಳಿಗೆ ಒಂದು ಸಂಜೆ ಸಾಕು. ಯಾವುದಾದರೂ ಕೋಶ ಖಾಲಿ ಉಳಿದಿದೆಯೇ ಎಂದು ಕೊನೆಗೊಮ್ಮೆ ನೋಡಿ, ಸಂಘದ ಮೂವರ ಫೋನುಗಳಿಗೆ ಮೊದಲು ಕಳುಹಿಸಿ, ಸಾಲು ಎಲ್ಲಿ ತುಂಡಾಗುತ್ತದೆಂಬುದನ್ನು ತೆರೆಯದೆಯೇ ಗಮನಿಸಿ.

ಎಷ್ಟು ಮಂದಿ ತೆರೆದರು ಎಂಬ ಲೆಕ್ಕವನ್ನು ಕೆಲವು ಸೇವೆಗಳು ತೋರಿಸುತ್ತವೆ, ಆದರೆ ಅದನ್ನು ನಂಬಿ ಕೂರುವಂತಿಲ್ಲ. ಆ ಲೆಕ್ಕ ನಡೆಯುವುದು ಇಮೇಲಿನೊಳಗಿನ ಒಂದು ಅದೃಶ್ಯ ಚಿತ್ರದಿಂದ. 2021ರಲ್ಲಿ ಆಪಲ್ ತಂದ ಗೋಪ್ಯತೆಯ ಏರ್ಪಾಡನ್ನು ಒಪ್ಪಿಕೊಂಡವರ ಐಫೋನಿನ ಮೇಲ್ ಆ್ಯಪ್‌ನಲ್ಲಿ ಓದುಗರು ತೆರೆಯದಿದ್ದರೂ ಆ ಚಿತ್ರ ಮೊದಲೇ ಇಳಿದುಬಿಡುತ್ತದೆ. ನಿಮ್ಮಲ್ಲಿ ಅದಕ್ಕಿಂತ ನೆಚ್ಚಬಹುದಾದ ಅಳತೆ ಈಗಾಗಲೇ ಇದೆ: ರಸೀದಿ ಕೇಳಿ ಬರುವ ಫೋನುಗಳು. ತಿದ್ದಿದ ಇಮೇಲು ಹೋದ ಮೇಲಿನ ಎರಡು ವಾರಗಳಲ್ಲಿ ಅವು ಎಷ್ಟು ಬಂದವೆಂದು ಬರೆದಿಟ್ಟುಕೊಳ್ಳಿ.

ಒಂದು ಬಗೆಯ ದಾನಿಗಳನ್ನು ಮಾತ್ರ ಈ ಪಟ್ಟಿಯಿಂದ ಹೊರಗೆ ತೆಗೆಯಿರಿ. ತೀರಿಕೊಂಡ ತಂದೆಯ ಅಥವಾ ತಾಯಿಯ ಹೆಸರಿನಲ್ಲಿ ಹಣ ಕೊಟ್ಟವರು ನಿಮ್ಮಲ್ಲಿಯೂ ಕೆಲವರು ಇರಬಹುದು. ಅವರ ಇಮೇಲಿನ ವಿಷಯದ ಸಾಲು ತೀರಿಕೊಂಡವರ ಹೆಸರಿನಿಂದಲೇ ಆರಂಭವಾಗಬೇಕು, ಹೆಂಚಿನಿಂದಲ್ಲ. ಅದನ್ನು ಅವರನ್ನು ಬಲ್ಲವರೊಬ್ಬರು ಪ್ರತ್ಯೇಕವಾಗಿ ಕುಳಿತು ಬರೆಯಬೇಕು, ಮತ್ತು ರಸೀದಿ ಬೇರೊಂದು ಇಮೇಲಿನಲ್ಲಿ ಹೋಗಬೇಕು.