ಐದು ವರ್ಷ, ಇಪ್ಪತ್ತು ಪರ್ಸೆಂಟ್: ಲೇತ್ ಮುಗಿಯಿತೇ?

ಮಾರ್ಚ್ ಹತ್ತಿರ ಬಂತು ಅಂದರೆ ನನ್ನ ಟೇಬಲ್ಲಿಗೆ ಒಂದೇ ತರಹದ ಎಕ್ಸೆಲ್ ಹಾಳೆಗಳು ಬರುತ್ತವೆ. ಐದು ಲಕ್ಷದ ಲೇತ್, ಐದು ವರ್ಷ, ವರ್ಷಕ್ಕೆ ಒಂದು ಲಕ್ಷ ಸವಕಳಿ. ಮೇಲೆ ತಲೆಬರಹ ಮಾತ್ರ "ಡಬ್ಲ್ಯುಡಿವಿ 20%", ಅಂದರೆ ರಿಟನ್ ಡೌನ್ ವ್ಯಾಲ್ಯೂ, ಉಳಿದ ಮೊತ್ತದ ಮೇಲೆ ಸವಕಳಿ ಹಾಕುವ ಪದ್ಧತಿ. ಮೊನ್ನೆ ಒಬ್ಬ ವರ್ಕ್‌ಶಾಪ್ ಮಾಲೀಕರು ಬ್ಯಾಂಕ್ ಸಾಲದ ರಿಪೋರ್ಟಿಗೂ ಇದನ್ನೇ ಹಾಕಿದ್ದರು. ಕೇಳಿದರೆ, "ಇಪ್ಪತ್ತರಂತೆ ಐದು ವರ್ಷ, ನೂರು ಆಯ್ತಲ್ವಾ ಸಾರ್?" ಅಂದರು.

ಸ್ಟ್ರೇಟ್ ಲೈನ್‌ನಲ್ಲಿ ಆಗುತ್ತದೆ. ಡಬ್ಲ್ಯುಡಿವಿಯಲ್ಲಿ ಆಗುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಮುಂದಿನ ಮಾರ್ಚಿಗೆ ಅದೇ ಹಾಳೆ ಬರುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಸ್ಟ್ರೇಟ್ ಲೈನ್‌ನಲ್ಲಿ ಪ್ರತಿ ವರ್ಷವೂ ಲೆಕ್ಕ ಕೊಂಡ ಬೆಲೆಯ ಮೇಲೇ. ಡಬ್ಲ್ಯುಡಿವಿಯಲ್ಲಿ ಮೊದಲ ವರ್ಷ ಮಾತ್ರ ಕೊಂಡ ಬೆಲೆಯ ಮೇಲೆ, ಆಮೇಲೆ ಪುಸ್ತಕದಲ್ಲಿ ಉಳಿದ ಮೊತ್ತದ ಮೇಲೆ. ನಿಮ್ಮ ಐದು ಲಕ್ಷಕ್ಕೆ ಮೊದಲ ವರ್ಷ 20% ಅಂದರೆ ಒಂದು ಲಕ್ಷ ಹೋಯಿತು, ನಾಲ್ಕು ಲಕ್ಷ ಉಳಿಯಿತು. ಎರಡನೇ ವರ್ಷದ 20% ಈ ನಾಲ್ಕು ಲಕ್ಷಕ್ಕೆ, ಅಂದರೆ 80,000. ಮೂರನೇ ವರ್ಷ 64,000. ನಾಲ್ಕನೇ ವರ್ಷ 51,200. ಐದನೇ ವರ್ಷ 40,960. ಐದು ವರ್ಷ ಮುಗಿದಾಗಲೂ ಪುಸ್ತಕದಲ್ಲಿ 1,63,840 ರೂಪಾಯಿ ಕೂತಿರುತ್ತದೆ. ಇನ್ನೂ ಹತ್ತು ವರ್ಷ ಹಾಕಿದರೂ ಅದು ಸೊನ್ನೆ ಆಗುವುದಿಲ್ಲ. ಉಳಿದದ್ದರಲ್ಲಿ ಒಂದು ಪಾಲು ಮಾತ್ರ ಕಳೆಯುತ್ತಾ ಹೋದರೆ ಏನಾದರೂ ಉಳಿದೇ ಉಳಿಯುತ್ತದೆ.

ಹಾಗಾದರೆ ಐದೇ ವರ್ಷದಲ್ಲಿ ಗುಜರಿ ಬೆಲೆಗೆ ಇಳಿಸಬೇಕು ಅಂದರೆ? ಲೇತ್ ಕೊನೆಗೆ 50,000ಕ್ಕೆ ಹೋಗುತ್ತದೆ ಅಂತಿಟ್ಟುಕೊಳ್ಳಿ. ಸ್ಟ್ರೇಟ್ ಲೈನ್‌ನಲ್ಲಿ ಆ 50,000 ಮೊದಲೇ ಕಳೆದು, ಉಳಿದ ನಾಲ್ಕೂವರೆ ಲಕ್ಷವನ್ನು ಐದು ಭಾಗ ಮಾಡುತ್ತೀರಿ. ವರ್ಷಕ್ಕೆ 90,000. ಡಬ್ಲ್ಯುಡಿವಿಯಲ್ಲಿ ಗುಜರಿ ಬೆಲೆಯನ್ನು ಮೊದಲು ಕಳೆಯುವ ಹಾಗಿಲ್ಲ. ಅದು ದರದೊಳಗೇ ಇರುತ್ತದೆ. ದರ ಹೀಗೆ ಸಿಗುತ್ತದೆ:

```
=1-(50000/500000)^(1/5)
```

ಉತ್ತರ ಸುಮಾರು 36.9%. ಇಪ್ಪತ್ತಲ್ಲ! ಈ ದರದಲ್ಲಿ ಮೊದಲ ವರ್ಷವೇ 1,84,521 ಸವಕಳಿ. ಎರಡನೇ ವರ್ಷ 1,16,425. ಮೂರನೇ ವರ್ಷ 73,459ಕ್ಕೆ ಬಂದು ಸ್ಟ್ರೇಟ್ ಲೈನ್‌ಗಿಂತ ಕೆಳಗಾಗುತ್ತದೆ. ಆಮೇಲೆ 46,350, ಕೊನೆಗೆ 29,245. ಕೂಡಿಸಿ ನೋಡಿ, ಇದೂ ನಾಲ್ಕೂವರೆ ಲಕ್ಷವೇ. ಅಂದರೆ "ಯಾವುದರಲ್ಲಿ ಸವಕಳಿ ಜಾಸ್ತಿ ಸಿಗುತ್ತೆ" ಅನ್ನುವ ಪ್ರಶ್ನೆಗೆ ಅರ್ಥವಿಲ್ಲ. ಯಾವಾಗ ಸಿಗುತ್ತೆ ಅಂತ ಕೇಳಿ. ಅಂದ ಹಾಗೆ, ಎಕ್ಸೆಲ್‌ನ `DB` ಫಂಕ್ಷನ್ ಬಳಸುವವರು ಕೊನೆಗೆ ಹದಿನೇಳು ರೂಪಾಯಿ ಹೆಚ್ಚು ಉಳಿಯಿತು ಅಂತ ಫೋನ್ ಮಾಡಬೇಡಿ. ಅದು ದರವನ್ನು ಮೂರು ದಶಾಂಶಕ್ಕೆ ರೌಂಡ್ ಮಾಡುತ್ತದೆ.

ಲೇತ್‌ನಂಥ ಯಂತ್ರಕ್ಕೆ ನನ್ನ ಒಲವು ಡಬ್ಲ್ಯುಡಿವಿ ಕಡೆಗೆ. ಹೊಸದರಲ್ಲಿ ರಿಪೇರಿ ಕಡಿಮೆ, ಸವಕಳಿ ಜಾಸ್ತಿ. ಹಳೆಯದಾದಂತೆ ಬೇರಿಂಗ್, ಗೇರು, ಬೆಡ್ ಗ್ರೈಂಡಿಂಗ್ ಅಂತ ರಿಪೇರಿ ಏರುತ್ತದೆ, ಸವಕಳಿ ಇಳಿಯುತ್ತದೆ. ಎರಡನ್ನೂ ಸೇರಿಸಿ ನೋಡಿದರೆ ವರ್ಷದ ಹೊರೆ ಹೆಚ್ಚು ಏರುಪೇರಾಗುವುದಿಲ್ಲ.

ಆದರೆ ಆದಾಯ ತೆರಿಗೆಗೆ ಬಂದರೆ ನಿಮ್ಮ ಒಲವೂ ಇಲ್ಲ, ನನ್ನ ಒಲವೂ ಇಲ್ಲ. ಸಾಮಾನ್ಯ ಯಂತ್ರಕ್ಕೆ ಡಬ್ಲ್ಯುಡಿವಿ, ದರ 15%. ಕೊಂಡ ವರ್ಷ ಬಳಸಿದ್ದು 180 ದಿನಕ್ಕಿಂತ ಕಡಿಮೆ ಇದ್ದರೆ ಆ ವರ್ಷ ಅರ್ಧ ದರ ಮಾತ್ರ. ಬಿಲ್ ಸೆಪ್ಟೆಂಬರಿನದ್ದು, ಮೂರು ಫೇಸ್ ಕನೆಕ್ಷನ್ ಸಿಕ್ಕಿದ್ದು ನವೆಂಬರಿನಲ್ಲಿ ಅಂದರೆ ಅರ್ಧವೇ. ಎಣಿಸುವುದು ಬಳಕೆಗೆ ಬಂದ ದಿನದಿಂದ, ಬಿಲ್ಲಿನ ದಿನದಿಂದ ಅಲ್ಲ. ಆ ಮಾಲೀಕರ ಲೇತ್ ಏಪ್ರಿಲಿನಲ್ಲೇ ಓಡಲು ಶುರುವಾಗಿತ್ತು, ಹಾಗಾಗಿ ಪೂರ್ತಿ ದರ. ಮೊದಲ ವರ್ಷ 75,000, ಐದನೇ ವರ್ಷಕ್ಕೆ ಸುಮಾರು 39,150. ಐದು ವರ್ಷ ಕಳೆದ ಮೇಲೂ 2,21,853 ಉಳಿಯುತ್ತದೆ.

ಅದನ್ನು ಕೇಳಿ ಅವರು, "ಆರನೇ ವರ್ಷ 1,20,000ಕ್ಕೆ ಮಾರಿದರೆ ಒಂದು ಲಕ್ಷ ನಷ್ಟ ತೋರಿಸಬಹುದಲ್ವಾ?" ಅಂದರು. ಅವರ ಬಳಿ ಒಂದು ಡ್ರಿಲ್ಲಿಂಗ್ ಮಷೀನು, ಒಂದು ಗ್ರೈಂಡರು ಕೂಡ ಇವೆ. ಒಂದೇ ದರದ ಯಂತ್ರಗಳೆಲ್ಲ ತೆರಿಗೆ ಲೆಕ್ಕದಲ್ಲಿ ಒಂದೇ ಗುಂಪು. ಮಾರಿದ ಹಣವನ್ನು ಆ ಗುಂಪಿನ ಮೊತ್ತದಿಂದ ಕಳೆಯುತ್ತೇವೆ ಅಷ್ಟೇ. ನಷ್ಟ ಅಂತ ಬೇರೆ ತೋರಿಸಲು ಬರುವುದಿಲ್ಲ. ಲೇತ್ ಅಂಗಡಿ ಬಿಟ್ಟು ಹೋದರೂ ಆ ಒಂದು ಲಕ್ಷ ಗುಂಪಿನಲ್ಲೇ ಉಳಿದು, ವರ್ಷವರ್ಷ 15% ಸವೆಯುತ್ತಾ ಹೋಗುತ್ತದೆ. ಗುಂಪಿನಲ್ಲಿ ಅದೊಂದೇ ಯಂತ್ರ ಇದ್ದಿದ್ದರೆ ಕಥೆ ಬೇರೆ. ಆಗ ಅದು ಅಲ್ಪಾವಧಿ ಬಂಡವಾಳ ನಷ್ಟ ಆಗುತ್ತದೆ, ವ್ಯಾಪಾರದ ಲಾಭದಿಂದ ಅದನ್ನು ಕಳೆಯಲು ಬರುವುದಿಲ್ಲ. ಹಾಗಾಗಿ ಮಾರುವ ಮೊದಲು ಒಮ್ಮೆ ನಿಮ್ಮ ಆಡಿಟರಿಗೆ ಫೋನ್ ಮಾಡಿ. ಮಾರಿದ ಮೇಲೆ ಅಲ್ಲ.