ಬಿಟ್ಟುಹೋದ ಮರಾಠಿಯನ್ನು ಮತ್ತೆ ಅ, ಆ, ಇ, ಈಯಿಂದ ಕಲಿಯಬೇಕಾ?

ಭಾಲ್ಕಿಯ ಬಟ್ಟೆ ಅಂಗಡಿಯವರೊಬ್ಬರ ಪ್ರಶ್ನೆ: "ಸರ್, ಏಳನೇ ತರಗತಿವರೆಗೆ ಉದಗೀರದಲ್ಲಿ ಮರಾಠಿ ಶಾಲೆ ಕಲಿತೆ. ಆಮೇಲೆ ಇಪ್ಪತ್ತು ವರ್ಷ ಕನ್ನಡ, ಹಿಂದಿ ಅಷ್ಟೇ. ಗಿರಾಕಿಗಳು ಮರಾಠಿಯಲ್ಲಿ ಮಾತಾಡಿದರೆ ತಿಳಿಯುತ್ತದೆ, ನನ್ನ ಬಾಯಿ ಮಾತ್ರ ಏಳುವುದಿಲ್ಲ. ಮೊದಲಿನಿಂದ ಶುರು ಮಾಡಬೇಕಾ?"

ಬೇಡ. ಬೀದರ್ ಜಿಲ್ಲೆಯಲ್ಲಿ ಇದೇ ಪ್ರಶ್ನೆಯನ್ನು ಎಷ್ಟು ಮಂದಿ ಕೇಳುತ್ತಾರೋ! ಉತ್ತರ ಕೊಟ್ಟ ಮೇಲೂ ಹೋಗಿ ಬಾಲವಾಡಿ ಪುಸ್ತಕವನ್ನೇ ಕೊಳ್ಳುತ್ತಾರೆ.

ನೆನಪಿಗೆ ಬರಲಿಲ್ಲ ಅಂದರೆ ಅಳಿಸಿಯೇ ಹೋಗಿದೆ ಅನ್ನುವ ನಂಬಿಕೆ ಇದಕ್ಕೆಲ್ಲ ಕಾರಣ. ಅದು ತಪ್ಪು. ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ಇದನ್ನು 1885ರಲ್ಲೇ ತೋರಿಸಿದ್ದರು. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ಮರೆಯಲು ಬಿಟ್ಟು, ಅವನ್ನೇ ಮತ್ತೆ ಕಲಿತರು. ಎರಡನೇ ಸಲ ಕಡಿಮೆ ಹೊತ್ತು ಸಾಕಾಯಿತು. ಉಳಿದ ಆ ಹೊತ್ತೇ ಒಳಗೆ ಏನೋ ಉಳಿದಿತ್ತು ಅನ್ನುವುದಕ್ಕೆ ಸಾಕ್ಷಿ. ಆಮೇಲೆ 1984ರಲ್ಲಿ ಅಮೆರಿಕದ ಮನೋವಿಜ್ಞಾನಿ ಬಾರಿಕ್, ಶಾಲೆ ಕಾಲೇಜಿನಲ್ಲಿ ಸ್ಪ್ಯಾನಿಷ್ ಕಲಿತಿದ್ದ 700ಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದರು. ಕೆಲವರು ಕಲಿತು 50 ವರ್ಷ ಆಗಿತ್ತು. ಮರೆವು ಜಾಸ್ತಿ ಕಂಡದ್ದು ಮೊದಲ 3ರಿಂದ 6 ವರ್ಷದಲ್ಲಿ. ಆಮೇಲೆ ಉಳಿದದ್ದು ಹಲವು ದಶಕ ಹೆಚ್ಚುಕಮ್ಮಿ ಹಾಗೆಯೇ ಇತ್ತು. ಒಂದು ಷರತ್ತು ಇದೆ. ಚೆನ್ನಾಗಿ ಕಲಿತವರಿಗೆ ಜಾಸ್ತಿ ಉಳಿದಿತ್ತು, ಸುಮ್ನೆ ಸ್ವಲ್ಪ ಓದಿ ಬಿಟ್ಟವರಿಗೆ ಕಡಿಮೆ. ನಿಮ್ಮದು ಏಳು ವರ್ಷದ ಶಾಲೆ, ಭಯ ಬೇಡ.

ಇನ್ನು ಅಕ್ಷರದ ಮಾತು. ನೀವು ಹಿಂದಿ ಓದುತ್ತೀರಿ, ಅಲ್ವಾ? ಎರಡಕ್ಕೂ ದೇವನಾಗರಿ. ಮತ್ತೆ ಯಾವ ಅಕ್ಷರ ಕಲಿಯಲು ಹೊರಟಿದ್ದೀರಿ?

ನಿಜವಾದ ತೊಂದರೆ ಬೇರೆ. ಕೇಳಿದ ಪದವನ್ನು ಗುರುತಿಸುವುದು ಸುಲಭ. ಅದೇ ಪದವನ್ನು ನೀವಾಗಿ ಎತ್ತಿ ತರುವುದು ಕಷ್ಟ. ಓದುತ್ತಾ, ಕೇಳುತ್ತಾ ಕುಳಿತರೆ ಮೊದಲನೆಯದು ಗಟ್ಟಿಯಾಗುತ್ತದೆ. ಎರಡನೆಯದಕ್ಕೆ ಬಾಯೇ ದುಡಿಯಬೇಕು.

ಮೊದಲು ಮಟ್ಟ ನೋಡಿಕೊಳ್ಳಿ. ಮಹಾರಾಷ್ಟ್ರದ ಬಾಲಭಾರತಿ ಪಠ್ಯಪುಸ್ತಕಗಳು ಮೊಬೈಲಿನಲ್ಲಿ ಉಚಿತವಾಗಿ ಸಿಗುತ್ತವೆ. ಐದನೇ ತರಗತಿಯ ಒಂದು ಪಾಠ ತೆಗೆಯಿರಿ. ನೂರು ಪದದಲ್ಲಿ ಗೊತ್ತಿಲ್ಲದವು ನಾಲ್ಕೈದಕ್ಕಿಂತ ಜಾಸ್ತಿ ಇದ್ದರೆ ಒಂದು ತರಗತಿ ಕೆಳಗೆ ಇಳಿಯಿರಿ. ಒಂದೆರಡೇ ತೊಡಕಾದರೆ ಆ ಪುಸ್ತಕವೇ ಸರಿ. ಪಾಠ ಓದಿ, ಪುಸ್ತಕ ಮುಚ್ಚಿ, ಅದರ ಕಥೆಯನ್ನು ಮರಾಠಿಯಲ್ಲಿ ಜೋರಾಗಿ ಹೇಳಿ. ಮೊದಲು ನಾಲ್ಕು ನಿಮಿಷದಲ್ಲಿ, ಆಮೇಲೆ ಅದನ್ನೇ ಮೂರು ನಿಮಿಷದಲ್ಲಿ, ಕೊನೆಗೆ ಎರಡರಲ್ಲಿ. ಭಾಷಾ ಶಿಕ್ಷಕರಲ್ಲಿ ಇದು ಹಳೆಯ ಪದ್ಧತಿ. ಕಥೆ ಬದಲಾಗುವುದಿಲ್ಲ, ಹಾಗಾಗಿ ಪ್ರತಿ ಸಲ ಪದ ಹುಡುಕುವ ಕೆಲಸ ಕಮ್ಮಿಯಾಗಿ ಮಾತು ಓಡುತ್ತದೆ. ಮೊಬೈಲಿನಲ್ಲಿ ಧ್ವನಿ ಹಿಡಿದಿಡಿ. ಮೂರನೇ ಸಲಕ್ಕೆ ತಡವರಿಕೆ ಕಡಿಮೆಯಾಗದಿದ್ದರೆ ಪಾಠ ದೊಡ್ಡದಾಯಿತು ಅಂತಲೇ ಅರ್ಥ, ಅರ್ಧ ಮಾಡಿ.

ಮರುದಿನ ಅಂಗಡಿಯಲ್ಲಿ ದಿನವೂ ಆಡುವ ಮಾತನ್ನೇ ಹೀಗೆ ಮಾಡಿ: ದರ, ಅಳತೆ, ನಾಳೆ ಬನ್ನಿ, ಬಣ್ಣ ಹೋಗುವುದಿಲ್ಲ. ಒಬ್ಬ ಗಿರಾಕಿಗೆ ಇಷ್ಟು ಹೇಳಿದರೆ ಸಾಕು, ಉಳಿದದ್ದು ಅವರೇ ಆಡಿಸುತ್ತಾರೆ.

ಯಾರೂ ಕೇಳದ ಇನ್ನೊಂದು ಮಾತು ಇದೆ, ಹೇಳಿಬಿಡುತ್ತೇನೆ. ಮರಾಠಿ ಪದಕ್ಕೆ ಕೈ ಹಾಕಿದರೆ ಹಿಂದಿ ಯಾಕೆ ಬರುತ್ತದೆ? ಕನ್ನಡ ಯಾಕೆ ಬರುವುದಿಲ್ಲ? ನಮ್ಮ ಕಡೆ ದಿನಬೆಳಗಾದರೆ ಆಡುವ ಹಿಂದಿ ನಾಲಿಗೆಯ ತುದಿಯಲ್ಲೇ ಇರುತ್ತದೆ, ಮರಾಠಿಗೆ ಹತ್ತಿರವೂ ಹೌದು. ಹತ್ತಿರದ ಭಾಷೆಯೇ ಮೊದಲು ನುಗ್ಗುತ್ತದೆ. ಅದರಿಂದ ಆಗುವ ತಪ್ಪು ಗೊತ್ತಿರಲಿ. ಹಿಂದಿಯ ಕಲ್ ನೆನ್ನೆಯೂ ಹೌದು, ನಾಳೆಯೂ ಹೌದು. ಮರಾಠಿಯ ಕಾಲ ಬರೀ ನೆನ್ನೆ. ನಾಳೆಗೆ ಉದ್ಯಾ. ಗಿರಾಕಿಗೆ "ಕಾಲ ಯಾ" ಅಂದರೆ ನೆನ್ನೆ ಬನ್ನಿ ಅಂದಂತೆ!

ಇನ್ನೊಂದು ಸೂಕ್ಷ್ಮ. ನಮ್ಮ ದಖನಿ ಹಿಂದಿಯಲ್ಲಿ ಗಂಡಸರು "ಮೈ ರೋಟಿ ಖಾಯಾ" ಅನ್ನುತ್ತಾರೆ, ಕ್ರಿಯಾಪದ ತಿಂದವನ ಜೊತೆ ಹೋಗುತ್ತದೆ. ಮರಾಠಿಯಲ್ಲಿ ಅದು ತಿಂದ ವಸ್ತುವಿನ ಜೊತೆ ಹೋಗುತ್ತದೆ: "ಮಿ ಪೋಳಿ ಖಾಲ್ಲಿ". ಹೇಳುವವರು ಗಂಡಸೋ ಹೆಂಗಸೋ, ಪೋಳಿ ಸ್ತ್ರೀಲಿಂಗ, ಆದ್ದರಿಂದ ಖಾಲ್ಲಿ. ನಿಮ್ಮ ಧ್ವನಿಮುದ್ರಣದಲ್ಲಿ ಮೊದಲು ಹುಡುಕಬೇಕಾದ ತಪ್ಪು ಇದೇ. ಸಿಕ್ಕಿದ ವಾಕ್ಯವನ್ನು ಸರಿ ಮಾಡಿ, ಮುಂದಿನ ಸಲ ಹೇಳುವ ಕಥೆಯಲ್ಲೇ ಸೇರಿಸಿಬಿಡಿ.